ಬರೆಯದ ಕ್ಷೇಮವನ್ನು ಓದಿದ್ದು

ಒಬ್ಬ ಮನುಷ್ಯನ ಸಂಸ್ಕಾರ ಎಷ್ಟರದು ಎಂಬುದು ಅವನು ಹಿರಿಯರಿಗೆ ಬರೆದ ಕಾಗದದ ಮೊದಲ ಮೂರು ಸಾಲಿನಲ್ಲಿ ತಿಳಿದುಹೋಗುತ್ತದೆ. ಈ ಮಾತನ್ನು ನಾನು ಹಿಂದೂಪುರದ ಅಂಚೆ ಕಚೇರಿಯಲ್ಲಿ ಒಮ್ಮೆ ಬಹಳ ಗಂಭೀರವಾಗಿ ಹೇಳಿದೆ. ಪಕ್ಕದಲ್ಲಿ ಕೂತು ಠಸ್ಸೆ ಒತ್ತುತ್ತಿದ್ದವರು ತಲೆ ಎತ್ತದೆ, "ಆ ಮೂರು ಸಾಲು ಯಾರೂ ಓದಲ್ಲ ಕಣಪ್ಪ, ನಾಲ್ಕನೇದ್ರಿಂದ್ಲೇ ಸುರು ಮಾಡ್ತಾರೆ" ಅಂದರು.

ನನ್ನ ಇಡೀ ನೌಕರಿ ಆ ಮೂರು ಸಾಲಿನಲ್ಲೇ ಸಿಕ್ಕಿಕೊಂಡಿತ್ತು. ಹಿಂದೂಪುರದಲ್ಲಿ ಪೋಸ್ಟ್‌ಮ್ಯಾನ್ ಆಗಿ ಸೇರಿ, ಕಲ್ಯಾಣದುರ್ಗದಲ್ಲಿ ಪೋಸ್ಟ್‌ಮ್ಯಾನ್ ಆಗಿಯೇ ನಿವೃತ್ತನಾದೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ, ಬರಲಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಚೀಲದಲ್ಲಿ ಪಾರ್ಸೆಲ್ಲು, ಬ್ಯಾಂಕಿನ ನೋಟೀಸು, ಎಟಿಎಂ ಕಾರ್ಡು ಇರುತ್ತವೆ. ಅವುಗಳಿಗೆ ಹೆದರುವಂಥದ್ದೇನಿಲ್ಲ. ನಮ್ಮ ಚೀಲದಲ್ಲಿ ಕೈಬರಹದ ಕಾಗದ ಇರುತ್ತಿತ್ತು. ನಾಯಿಗೆ ನಾನು ಅಷ್ಟು ಹೆದರಿದವನಲ್ಲ. ತಲೆಯ ಮೇಲೆ 'ಶ್ರೀ' ಇಲ್ಲದ ಕಾಗದಕ್ಕೆ ಹೆದರುತ್ತಿದ್ದೆ.

ಇದನ್ನು ಕಲಿಸಿದವರು ಹಿಂದೂಪುರದ ಹೆಡ್ ಪೋಸ್ಟ್‌ಮ್ಯಾನ್ ನಂಜುಂಡಪ್ಪನವರು. ಊರಿನ ಅರ್ಧ ಜನಕ್ಕೆ ಕಾಗದ ಓದಿ ಹೇಳುವವರೂ ಅವರೇ, ಬರೆದುಕೊಡುವವರೂ ಅವರೇ. ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಒಂದು ಇನ್‌ಲ್ಯಾಂಡ್ ಕಾಗದ ಬಿಚ್ಚಿ ತೋರಿಸಿದರು.

"ನೋಡ್ಲಾ. ನಡುಮಧ್ಯೆ ಶ್ರೀ. ಎಡಗಡೆ ಕ್ಷೇಮ ಅಂತ. ಬಲಗಡೆ ಊರು, ತಾರೀಕು. ಇದು ಬಾಗಿಲು. ಇದನ್ನ ದಾಟಿ ಒಳೀಕೆ ಹೋಗ್ಬೇಕು."

ಬಾಗಿಲು ದಾಟಿದರೆ ಮೊದಲು ಸಂಬೋಧನೆ. ಹೆತ್ತ ತಂದೆಯಾದರೆ 'ತೀರ್ಥರೂಪರಾದ ತಂದೆಯವರ ಪಾದಾರವಿಂದಗಳಿಗೆ'. ಹೆತ್ತ ತಾಯಿಯಾದರೆ 'ಮಾತೃಶ್ರೀಯವರ ಪಾದಾರವಿಂದಗಳಿಗೆ'. ಮಾವ, ದೊಡ್ಡಪ್ಪ, ಉಪಾಧ್ಯಾಯರು ಇವರಿಗೆಲ್ಲ 'ತೀರ್ಥರೂಪ ಸಮಾನರಾದ'. ತೀರ್ಥರೂಪರು ಒಬ್ಬರೇ, ಉಳಿದವರು ಸಮಾನರು. ಆಮೇಲೆ ಬರೆಯುವವನು ತಾನು ಯಾರೆಂದು ಹೇಳಿ ಸಾಷ್ಟಾಂಗ ನಮಸ್ಕಾರ ಮಾಡಬೇಕು. 'ಅದಾಗಿ, ಈವರೆಗೆ ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಕಾಗದ ಬರೆಸುತ್ತಿರಬೇಕಾಗಿ ಬೇಡಿಕೊಳ್ಳುತ್ತೇನೆ.' ಅವಸರದವರು ಇಷ್ಟನ್ನೂ 'ಉಭಯ ಕುಶಲೋಪರಿ' ಎಂದು ಮುಗಿಸುತ್ತಿದ್ದರು. ಇನ್ನೂ ಅವಸರದವರು 'ಉ.ಕು.' ಎಂದು ಬರೆದು ಚುಕ್ಕೆ ಇಡುತ್ತಿದ್ದರು. ಇದಾದ ಮೇಲೆಯೇ 'ತರುವಾಯ' ಎಂಬ ಪದ ಬಂದು, ಎಮ್ಮೆ ಕರು ಹಾಕಿದ ಸುದ್ದಿ ಶುರುವಾಗುತ್ತಿತ್ತು.

"ಈವರೆಗೆ ಅಂತ ಯಾಕೆ ಬರೀತಾರೆ ಸಾರ್?" ಎಂದು ಕೇಳಿದೆ.

"ಕಾಗದ ನಿನ್ನ ಚೀಲದಾಗಿರೋ ಎರಡು ದಿನಕ್ಕೆ ಅವನು ಜವಾಬ್ದಾರನಲ್ಲ, ಅದ್ಕೆ."

ಸಾವಿನ ಕಾಗದಕ್ಕೆ ಈ ಬಾಗಿಲು ಇರುವುದಿಲ್ಲ. ಶ್ರೀ ಇಲ್ಲ, ಕ್ಷೇಮ ಇಲ್ಲ, ನಮಸ್ಕಾರವೂ ಇಲ್ಲ. ಮೂಲೆಗೆ ಮಸಿ ಬಳಿದಿರುತ್ತಾರೆ; ಮರೆತರೂ ಮರೆಯಬಹುದು, ಆದರೆ ಶ್ರೀ ಬರೆಯುವ ತಪ್ಪನ್ನು ಮಾತ್ರ ಯಾರೂ ಮಾಡುವುದಿಲ್ಲ. ಅಂಥ ಕಾರ್ಡನ್ನು ಮನೆಯೊಳಗೆ ಒಯ್ಯುವಂತಿಲ್ಲ. ಹೊರಗೆ ನಿಂತೇ ಓದಿ, ಹರಿದು, ಅಲ್ಲೇ ಹಾಕಬೇಕು. ಸಾವಲ್ಲದ ಕೆಡುಕಿಗೂ ಇದೇ ಪದ್ಧತಿ. ಮನೆ ಸುಟ್ಟಿದ್ದರೆ, ಮಗು ಆಸ್ಪತ್ರೆಯಲ್ಲಿದ್ದರೆ, ಕ್ಷೇಮ ಎಂದು ಬರೆಯಲು ಕೈ ಬರುವುದಿಲ್ಲ. "ಶ್ರೀ ಬರ್ದು ಅದ್ರ ಕೆಳಗೆ ಸುಳ್ಳು ಬರಿಯೋ ಎದೆಗಾರಿಕೆ ನಮ್ಮೋರಿಗಿಲ್ಲ. ಮೊದ್ಲು ತಲೆ ನೋಡು, ಆಮೇಲೆ ಬಾಯಿ ಬಿಡು" ಎಂದರು ನಂಜುಂಡಪ್ಪನವರು.

ನಾನು ತಲೆ ನೋಡುವುದನ್ನು ಕಲಿತೆ. ಬರೆಯುವುದನ್ನು ಕಲಿಯಲು ಮಾತ್ರ ಸ್ವಲ್ಪ ಪೆಟ್ಟು ಬೇಕಾಯಿತು. ಚಿಲಮತ್ತೂರಿನ ಕಡೆಯಿಂದ ಬಂದಿದ್ದ ಹೊಸ ಸೊಸೆಯೊಬ್ಬಳು ತವರಿಗೆ ಹೋಗಲು ಅಪ್ಪಣೆ ಬೇಡಿ, ಕೊಡಿಕೊಂಡದಲ್ಲಿ ಅಂಗಡಿ ಇಟ್ಟಿದ್ದ ಮಾವನಿಗೆ ಕಾಗದ ಬರೆಸಿದಳು. ನಾನು ಉತ್ಸಾಹದಲ್ಲಿ 'ಸೊಸೆಯಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು' ಎಂದು ಬರೆದುಬಿಟ್ಟೆ. ಸಾಷ್ಟಾಂಗ ಗಂಡಸರಿಗೆ ಮಾತ್ರ; ಹೆಂಗಸರು ಬರೀ ನಮಸ್ಕಾರ ಬರೆಯಬೇಕು. ನಾಲ್ಕನೆಯ ದಿನ ಮಾವನೇ ಕಚೇರಿಗೆ ಬಂದರು.

"ನಮ್ಮ ಸೊಸೇನ ಉದ್ದಕ್ಕೆ ಮಕಾಡೆ ಕೆಡವಿದೋನು ಯಾರಪ್ಪ ಇಲ್ಲಿ?"

ಇಡೀ ಕಚೇರಿ ನನ್ನತ್ತ ಬೆರಳು ತೋರಿಸಿತು.

ಮುಂದೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಬ್ರಹ್ಮಸಮುದ್ರದ ರಸ್ತೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಅಷ್ಟು ಹೊತ್ತಿಗೆ ಮೊಬೈಲು ಬಂದು ಕಾಗದಗಳು ತೆಳ್ಳಗಾಗಿದ್ದವು. ಬರುತ್ತಿದ್ದವೂ ಬೇರೆ ಥರ. ನಮ್ಮದು ಗಡಿಯಾಚೆಯ ಆಂಧ್ರದ ಸೀಮೆ, ಮಕ್ಕಳೆಲ್ಲ ತೆಲುಗು ಶಾಲೆಯಲ್ಲಿ ಓದಿದವರು. ಮನೆಯ ಮಾತು ಕನ್ನಡ, ಅಕ್ಷರ ತೆಲುಗು. 'ಹಾಯ್ ತಾತ' ಎಂದು ತೆಲುಗು ಅಕ್ಷರದಲ್ಲಿ ಶುರುವಾಗಿ ಕನ್ನಡದಲ್ಲಿ ಮುಂದುವರಿಯುತ್ತಿತ್ತು. ಅಜ್ಜಿಗಾದರೆ ತೆಲುಗಿನವರಂತೆ 'ಡಿಯರ್ ನಾನಮ್ಮ' ಎಂದೂ ಇರುತ್ತಿತ್ತು. ಒಬ್ಬನಂತೂ ತಂದೆಗೆ 'ಗುಡ್ ಮಾರ್ನಿಂಗ್' ಎಂದು ಬರೆದಿದ್ದ. ಕಾಗದ ತಲುಪಿದ್ದು ಸಂಜೆ. ಬಾಗಿಲೂ ಇಲ್ಲ, ಹೊಸಿಲೂ ಇಲ್ಲ, ಸೀದಾ ನಡುಮನೆ. ತಪ್ಪೆಂದು ನಾನು ಹೇಳುವುದಿಲ್ಲ. ಆ ಮಕ್ಕಳಿಗೆ ಪ್ರೀತಿ ಕಡಿಮೆ ಇರಲಿಲ್ಲ. ಆದರೆ ಕಾಗದ ಕೇಳಿಸಿಕೊಳ್ಳುವವರು ಹಳಬರು.

ಆ ಹಳಬರಲ್ಲಿ ಒಬ್ಬರು ಸಿದ್ದಮ್ಮ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಅಕ್ಷರ ಬರುತ್ತಿರಲಿಲ್ಲ. ಕಿವಿಯೂ ಕೇಳುತ್ತಿರಲಿಲ್ಲ, ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅರ್ಧ ಕೇಳುತ್ತಿತ್ತು. ಫೋನು ಅವರ ಪಾಲಿಗೆ ಒಂದು ಕಟ್ಟಿಗೆ ಚೂರು. ಹೀಗಾಗಿ ಹಿಂದೂಪುರಕ್ಕೆ ಮದುವೆಯಾಗಿ ಹೋಗಿದ್ದ ಒಬ್ಬಳೇ ಮಗಳು ರತ್ನಮ್ಮ ತಿಂಗಳಿಗೊಂದು ಕಾಗದ ಹಾಕುತ್ತಿದ್ದರು. ಅಪ್ಪ ಕಲಿಸಿದ ಕನ್ನಡ ಅಕ್ಷರ, ಶ್ರೀಕಾರದಿಂದ ಹಿಡಿದು 'ಬೇಡಿಕೊಳ್ಳುತ್ತೇನೆ' ತನಕ ಒಂದು ಪದ ತಪ್ಪುತ್ತಿರಲಿಲ್ಲ. ನಾನು ಕಿವಿಯಲ್ಲಿ ಕೂಗಿ ಓದಿದರೆ ಇಡೀ ಬೀದಿಗೆ ರತ್ನಮ್ಮನ ಕ್ಷೇಮ ತಿಳಿಯುತ್ತಿತ್ತು.

ಒಮ್ಮೆ ರತ್ನಮ್ಮನ ಬದಲು ಅವರ ಮಗಳು ಪವಿತ್ರ ಬರೆದಳು; ಅಜ್ಜಿಯನ್ನು ಅವಳು ಅವ್ವ ಎನ್ನುತ್ತಿದ್ದಳು. 'ಹಾಯ್ ಅವ್ವ, ನಿನಗೆ ಒಂದು ವಿಷಯ ಹೇಳಬೇಕು, ಗಾಬರಿ ಆಗಬೇಡ.' ನಾನು ಇದ್ದದ್ದನ್ನು ಇದ್ದ ಹಾಗೆ ಕೂಗಿದೆ. ಸಿದ್ದಮ್ಮನ ಕೈಯಲ್ಲಿದ್ದ ಮೊರ ನಿಂತಿತು.

"ಶ್ರೀ ಐತಾ ಪೋಸ್ಟಪ್ಪ?"

"ಇಲ್ಲ ಸಿದ್ದಕ್ಕ."

"ಕ್ಷೇಮ ಅಂತ ಐತಾ?"

"ಅದೂ ಇಲ್ಲ. ಆದ್ರೆ ಕೇಳಿ..."

ಅವರು ಕೇಳಲಿಲ್ಲ. ಮೊರ ಕೆಳಗಿಟ್ಟು, ಗೋಡೆಗೆ ಒರಗಿ, ಮಗಳ ಹೆಸರು ಹಿಡಿದು ಅಳತೊಡಗಿದರು. ಬೀದಿಯವರು ಸೇರಿದರು. ಯಾರೋ ಸ್ನಾನಕ್ಕೆ ನೀರು ಕಾಯಿಸಲು ಒಲೆ ಹಚ್ಚಿದರು. ಆ ಗದ್ದಲದ ನಡುವೆ ನಾನು, ಪವಿತ್ರಳಿಗೆ ಅನಂತಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಇನ್ನು ಹಾಸ್ಟೆಲಿಗೆ ಹೋಗುತ್ತಾಳೆ ಎಂದು ಕೂಗುತ್ತಲೇ ಇದ್ದೆ. ಸಾವಿನ ಮನೆಯಲ್ಲಿ ಸೀಟಿನ ಸುದ್ದಿ ಹೇಳುತ್ತಿರುವವನನ್ನು ಜನ ಹೇಗೆ ನೋಡಬೇಕೋ ಹಾಗೆಯೇ ನೋಡಿದರು. ವಿಷಯ ತಿಳಿಯಾಗುವ ಹೊತ್ತಿಗೆ ಸಿದ್ದಮ್ಮ ಕಣ್ಣು ಮೇಲೆ ಮಾಡಿ ಬಿದ್ದಿದ್ದರು. ಕಲ್ಯಾಣದುರ್ಗದಿಂದ ಡಾಕ್ಟರು ಬಂದು, ರಕ್ತದೊತ್ತಡ ನೋಡಿ, ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಎಂದರು.

ಪವಿತ್ರಳಿಗೆ ಎರಡು ಸಾಲು ಬರೆದು ತಿಳಿಸೋಣವೆಂದೆ. ಚೇತರಿಸಿಕೊಂಡ ಸಿದ್ದಮ್ಮ ಒಪ್ಪಲಿಲ್ಲ. "ಬ್ಯಾಡ ಕಣಪ್ಪ, ಬೈದ್ರೆ ಆ ಮಗು ಬರಿಯಾದ್ನೇ ಬಿಟ್ಬುಡ್ತದೆ."

ಆಗ ನಾನು ಒಂದು ತೀರ್ಮಾನ ಮಾಡಿದೆ. ಅದನ್ನು ಮಾಡುವಾಗ ಬಹಳ ಜಾಣತನ ಎನ್ನಿಸಿತ್ತು. ಕಾಗದದಲ್ಲಿ ಬಾಗಿಲು ಇಲ್ಲದಿದ್ದರೆ ನಾನೇ ಕಟ್ಟುವುದು. 'ಹಾಯ್ ಅವ್ವ' ಎಂದಿದ್ದರೆ ನಾನು 'ಮಾತೃಶ್ರೀ ಸಮಾನರಾದ ಅಜ್ಜಿಯವರ ಪಾದಾರವಿಂದಗಳಿಗೆ' ಎಂದು ಕೂಗುತ್ತಿದ್ದೆ. 'ಈವರೆಗೆ ಇಲ್ಲಿ ನಾವೆಲ್ಲರೂ ಕ್ಷೇಮ' ಎಂಬುದನ್ನು ಕಣ್ಣು ಮುಚ್ಚಿ ಓದುತ್ತಿದ್ದೆ. ಅಕ್ಷರ ಇರಲಿಲ್ಲವಾದ್ದರಿಂದ ಕಣ್ಣು ತೆರೆದರೂ ಪ್ರಯೋಜನವಿರಲಿಲ್ಲ. ಸಿದ್ದಮ್ಮನಿಗೊಬ್ಬರಿಗೇ ಅಲ್ಲ, ನನ್ನ ದಾರಿಯ ಅಷ್ಟೂ ಮುದುಕ ಮುದುಕಿಯರಿಗೆ. ಎಲ್ಲರೂ ಸುಖವಾಗಿದ್ದರು. ಈಗಿನ ಮಕ್ಕಳೂ ಎಷ್ಟು ಮರ್ಯಾದೆಯಿಂದ ಬರೀತಾವೆ ನೋಡು ಎಂದು ಮಾತಾಡಿಕೊಳ್ಳುತ್ತಿದ್ದರು. ಒಂದು ವರ್ಷ ಹೀಗೆ ನಡೆಯಿತು. ಆಮೇಲಾಮೇಲೆ ಕಾಗದದ ತಲೆ ನೋಡುವುದನ್ನೇ ಬಿಟ್ಟೆ.

ನಿವೃತ್ತಿಗೆ ಮೂರು ವರ್ಷ ಇದ್ದಾಗ, ಒಂದು ಬುಧವಾರ, ಸಂಜೆ ನಾಲ್ಕರ ಹೊತ್ತಿಗೆ ಸಿದ್ದಮ್ಮನ ಮನೆಗೆ ಹೋದೆ. ಹಿಂದೂಪುರದ ಕಾಗದ. ಪವಿತ್ರ ಹಾಸ್ಟೆಲಿಗೆ ಹೋಗಿದ್ದಳಾದ್ದರಿಂದ ರತ್ನಮ್ಮನ ಕೈಬರಹವೇ. ಬಿಚ್ಚಿದೆ. ಮೇಲೆ ಖಾಲಿ. 'ಅಮ್ಮ' ಎಂದು ಒಂದು ಪದ, ಅದರ ಕೆಳಗೆ ಸೀದಾ ಸುದ್ದಿ. ಮಗಳ ಗಾಳಿ ತಾಯಿಗೂ ಬೀಸಿತಲ್ಲ ಎಂದು ಒಳಗೊಳಗೇ ನಕ್ಕು, ಶ್ರೀಯಿಂದ ಶುರುಮಾಡಿ, ನಮಸ್ಕಾರ ಹಾಕಿ, ನಾವೆಲ್ಲರೂ ಕ್ಷೇಮ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಆಮೇಲೆ ಬರೆದದ್ದನ್ನು ಓದಿದೆ. 'ನನ್ನ ಮೊಬೈಲು ಕೆಟ್ಟಿದೆ, ಯಾರ ಕೈಲೂ ಫೋನು ಮಾಡಿಸಬೇಡ. ಈ ತಿಂಗಳು ನೀನು ಬರುವ ಅಗತ್ಯವಿಲ್ಲ. ಇವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಇಂತಿ ನಿನ್ನ ಮಗಳು ರತ್ನ.'

ಸಿದ್ದಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕರು. "ಸರಿ ಬುಡು. ಕಳ್ಳೇಕಾಯಿ ಕಿತ್ತ ಮೇಲೆ ಹೋಯ್ತೀನಿ."

ನಾನು ಮೊಪೆಡ್ ಹತ್ತಿದೆ. ಕಲ್ಯಾಣದುರ್ಗದ ಬಸ್ ನಿಲ್ದಾಣದ ಮುಂದೆ ಹಾದಾಗ ಹಿಂದೂಪುರದ ಐದೂವರೆಯ ಬಸ್ಸು ಹೊರಡುತ್ತಿತ್ತು. ಅದಕ್ಕೆ ದಾರಿ ಬಿಟ್ಟು ನಿಂತದ್ದು ಚೆನ್ನಾಗಿ ನೆನಪಿದೆ.

ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು. ರತ್ನಮ್ಮ ಮೊದಲ ಮೂರು ಸಾಲು ಬಿಟ್ಟು ಬರೆಯುವ ಹೆಂಗಸಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ಮಗಳು ಹಾಯ್ ಎನ್ನುತ್ತಿದ್ದ ದಿನಗಳಲ್ಲೂ ತಾವು ಬರೆದಾಗ ಬಿಟ್ಟಿರಲಿಲ್ಲ. ಈಗ ಬಿಟ್ಟಿದ್ದಾರೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಬರೆದ ಕೈಗೆ ಕ್ಷೇಮ ಎಂದು ಬರೆಯಲು ಆಗಿಲ್ಲ. ಆ ಕಾಗದವನ್ನು ಮನೆಯಲ್ಲಿ ಯಾರೋ ಓದಿ ನೋಡಿದ ಮೇಲೆ ಡಬ್ಬಿಗೆ ಹಾಕಿರಬೇಕು. ಓದಿದವರಿಗೆ ಸಂಶಯ ಬಂದಿಲ್ಲ, ಏಕೆಂದರೆ ಈಗ ಯಾರ ಕಾಗದದಲ್ಲೂ ಆ ಸಾಲುಗಳು ಇರುವುದಿಲ್ಲ. ಅದನ್ನು ಗುರುತಿಸಬಲ್ಲವರು ಇಬ್ಬರೇ. ಒಬ್ಬರಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬ ನಾನು.

ಆಗಲೇ ಮೊಪೆಡ್ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಕಾರಣಗಳನ್ನು ಕ್ರಮವಾಗಿ ಜೋಡಿಸಿಕೊಂಡೆ: ಕತ್ತಲಾಗಿದೆ, ಸಿದ್ದಮ್ಮನಿಗೆ ರಕ್ತದೊತ್ತಡ, ಬಹುಶಃ ಅವಸರದಲ್ಲಿ ಬಿಟ್ಟಿರಬಹುದು, ಇಲ್ಲದ್ದನ್ನು ಓದುವ ಪೋಸ್ಟ್‌ಮ್ಯಾನ್ ಎಂದು ಊರಿಗೆ ಗೊತ್ತಾದರೆ ಮುಖ ಹೇಗೆ ತೋರಿಸುವುದು. ಕೊನೆಯದೇ ನಿಜವಾದ ಕಾರಣ. ಅದನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೆ. ಊಟ ಸೇರಲಿಲ್ಲ.

ಗುರುವಾರ ಬೆಳಕು ಹರಿಯುವ ಮೊದಲೇ ಸಿದ್ದಮ್ಮನ ಬಾಗಿಲಲ್ಲಿದ್ದೆ. ಅವರು ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದರು. ಬಲಗಿವಿಯ ಹತ್ತಿರ ಬಗ್ಗಿ, ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಹೇಳಲು ನೋಡಿದೆ. ಆಗಲಿಲ್ಲ, ಕೂಗಲೇಬೇಕಾಯಿತು.

"ಸಿದ್ದಕ್ಕ, ನಿನ್ನೆ ಕಾಗದದಾಗೆ ಶ್ರೀ ಇರ್ಲಿಲ್ಲ. ಕ್ಷೇಮಾನೂ ಇರ್ಲಿಲ್ಲ. ನಾನೇ ಸೇರಿಸಿ ಓದ್ದೆ."

ಅವರು ಬಕೀಟು ಕೆಳಗಿಟ್ಟರು. ಬೀಳುತ್ತಾರೇನೋ ಎಂದು ನಾನು ಕೈ ಚಾಚಿದೆ. ಬೀಳಲಿಲ್ಲ.

"ಇಲ್ದಿರಾದ್ನ ಯಾಕಪ್ಪ ಓದ್ದೆ?"

"ನೀವು ಹೆದರ್ಕೊಂತೀರ ಅಂತ."

"ಹೆದರ್ಕೊಳ್ಲಿ ಅಂತ್ಲೇ ಅಲ್ವೇನಪ್ಪ ಅವಳು ಬಿಟ್ಟಿರಾದು."

ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದರು. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ರತ್ನಮ್ಮನ ಅಪ್ಪ ಗಾಡಿಯ ಹತ್ತಿರ ನಿಂತು ಒಂದು ಮಾತು ಹೇಳಿದ್ದನಂತೆ: ಏನು ಕಷ್ಟ ಅಂತ ಬರೆಯಬೇಡ, ಯಾರಾದರೂ ಓದುತ್ತಾರೆ, ಬರೀ ಕ್ಷೇಮ ಬಿಡು, ನಾವು ಹೊರಟು ಬರುತ್ತೇವೆ. ಇಪ್ಪತ್ತು ವರ್ಷದಲ್ಲಿ ರತ್ನಮ್ಮ ಒಮ್ಮೆಯೂ ಬಿಟ್ಟಿರಲಿಲ್ಲ. ಬಿಟ್ಟಾಗ ನಾನು ತುಂಬಿಸಿಕೊಟ್ಟೆ.

ಸಿದ್ದಮ್ಮ ಬಾಗಿಲಿಗೆ ಬೀಗವನ್ನೂ ಹಾಕಲಿಲ್ಲ. ಕಲ್ಯಾಣದುರ್ಗದವರೆಗೆ ಮೊಪೆಡ್, ಅಲ್ಲಿಂದ ಬಸ್ಸು. ಅವರು ಕೇಳಿದ್ದಕ್ಕೆಲ್ಲ ನಾನು ಕೂಗಿಯೇ ಉತ್ತರಿಸಬೇಕಾದ್ದರಿಂದ ಪೆನುಕೊಂಡ ಬರುವಷ್ಟರಲ್ಲಿ ಬಸ್ಸಿಗೆಲ್ಲ ವಿಷಯ ಗೊತ್ತಾಗಿತ್ತು. ಕಂಡಕ್ಟರು ಟಿಕೆಟ್ ಕೊಡುತ್ತಾ "ಏಮಯಿಂದಿ ಸಾರ್, ಆ ಅಮ್ಮಾಯಿಕಿ?" ಎಂದು ಹುಡುಗಿಗೆ ಏನಾಯಿತೆಂದು ತೆಲುಗಿನಲ್ಲಿ ಕೇಳಿದ. ಗೊತ್ತಿಲ್ಲ ಎಂದೆ. ಸಿದ್ದಮ್ಮ ಕಿಟಕಿಯ ಕಂಬಿ ಹಿಡಿದು ಕೂತಿದ್ದರು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು.

"ಮೂಲೆಗೆ ಮಸಿ ಇರ್ಲಿಲ್ಲ ತಾನೆ?"

"ಇರ್ಲಿಲ್ಲ ಸಿದ್ದಕ್ಕ."

"ನೋಡಿದ್ಯಾ? ಇಲ್ಲ, ಇದೂ ನೀನೇ ಹೇಳ್ತಿದ್ಯಾ?"

ಹೊರಡುವಾಗ ಅವರ ಮನೆಯಿಂದ ಎತ್ತಿಕೊಂಡಿದ್ದ ಕಾಗದ ತೆಗೆದು ನಾಲ್ಕೂ ಮೂಲೆ ತೋರಿಸಿದೆ. ಅವರು ಪ್ರತಿ ಮೂಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಮಸಿ ಬಳಿಯುವವರು ಉಳಿದವರು, ಹೋದವಳಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ರತ್ನಮ್ಮನ ಮನೆ ರೇಷ್ಮೆ ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಬಾಗಿಲು ಮುಚ್ಚಿತ್ತು. ತಟ್ಟಿದೆ. ತುಂಬ ಹೊತ್ತು ಯಾರೂ ಬರಲಿಲ್ಲ. ಎದುರು ಮನೆಯ ಹೆಂಗಸು ಕಿಟಕಿಯಿಂದ ನಮ್ಮನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ಕಿಟಕಿ ಮುಚ್ಚಿಕೊಂಡಳು. ಅದನ್ನು ಕಂಡು ಮತ್ತೆ ಜೋರಾಗಿ ತಟ್ಟಿದೆ.

ಅಳಿಯ ಬಾಗಿಲು ತೆರೆದ. ಇಸ್ತ್ರಿ ಮಾಡಿದ ಅಂಗಿ, ತಲೆ ಬಾಚಿಕೊಂಡಿದ್ದ. ನಗುತ್ತಲೇ ಇದ್ದ.

"ಓ, ಅತ್ತೆ. ಬರೋದು ಹೇಳ್ಲೇ ಇಲ್ಲ. ರತ್ನ ಮಲಗವಳೆ. ಬಚ್ಚಲಲ್ಲಿ ಕಾಲು ಜಾರಿ ಬಿದ್ಬುಟ್ಳು ಬೆಳಗ್ಗೆ. ಈಗ ಎಬ್ಬಿಸೋದು ಬ್ಯಾಡ. ನೀವು ಹೋಟ್ಲಲ್ಲಿ ಟಿಫನ್ ಮಾಡ್ಕೊಂಡು..."

ಬಹಳ ಮರ್ಯಾದೆಯಾಗಿ ಮಾತಾಡುತ್ತಿದ್ದ. ನಾನೊಬ್ಬನೇ ಹೋಗಿದ್ದರೆ ಬಹುಶಃ ಹೋಟೆಲ್ಲಿಗೆ ಹೋಗಿಬಿಡುತ್ತಿದ್ದೆ. ಸಿದ್ದಮ್ಮನಿಗೆ ಅದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅವನ ತೋಳಿನ ಕೆಳಗೆ ನುಗ್ಗಿ ಒಳಗೆ ಹೋದರು. ನಾನು ಹಿಂದೆ ಹೋದೆ.

ರತ್ನಮ್ಮ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎಡಗೈಗೆ ಟವೆಲು ಸುತ್ತಿತ್ತು. ಮೊಣಕೈ ಇರಬೇಕಾದ ಕಡೆ ಇರಲಿಲ್ಲ. ತುಟಿ ಒಡೆದಿತ್ತು. ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ. ತಾಯಿಯನ್ನು ನೋಡಿ ಅಳಲಿಲ್ಲ. ನನ್ನ ಕಡೆ ನೋಡಿ, "ನಿನ್ನೆ ರಾತ್ರೀನೇ ಬತ್ತೀರಿ ಅನ್ಕೊಂಡಿದ್ದೆ ಅಣ್ಣ" ಎಂದರು, ಅಷ್ಟೆ.

ನಾನು ಬಗ್ಗಿ ಟವೆಲು ಸುತ್ತಿದ ಕೈಗೆ ಆಸರೆ ಕೊಟ್ಟೆ.

ಅವರನ್ನು ಹಿಡಿದು ನಿಲ್ಲಿಸಿ ಹೊರಗೆ ಕರೆತಂದೆವು. ಎದುರು ಮನೆಯ ಕಿಟಕಿ ಮತ್ತೆ ತೆರೆದಿತ್ತು. ಆ ಹೆಂಗಸು ಆಟೋ ಕರೆದು ನಿಲ್ಲಿಸಿದ್ದಳು. ಅಳಿಯ ಹೊಸಿಲಲ್ಲಿ ಅಡ್ಡ ನಿಂತು, ಓಣಿಯಲ್ಲಿ ಸೇರುತ್ತಿದ್ದ ಜನರನ್ನು ನೋಡಿ, ಪಕ್ಕಕ್ಕೆ ಸರಿದ. ಅವನಿಗೆ ಅರ್ಥವಾಗದೇ ಉಳಿದದ್ದು ಒಂದೇ. ಅದನ್ನು ನನ್ನನ್ನೇ ಕೇಳಿದ.

"ನಿಮಗ್ಯಾರು ಹೇಳಿದ್ದು? ಆ ಕಾಗದದಾಗೆ ಏನೂ ಇರ್ಲಿಲ್ವಲ್ಲ. ನಾನೇ ಓದಿ ಡಬ್ಬಿಗೆ ಹಾಕಿದ್ದು."

"ಹೌದಪ್ಪ" ಎಂದೆ. "ಏನೂ ಇರ್ಲಿಲ್ಲ."

ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಹೋದೆವು. ಸಾಕ್ಷಿ ಹೇಳಿಕೆಯಲ್ಲಿ ನಾನು ಓದಿದ್ದು ಯಾವುದು, ಬರೆದಿದ್ದದ್ದು ಯಾವುದು ಎಂದು ಬೇರೆ ಬೇರೆಯಾಗಿ ಬರೆಸಿದೆ. ಊರಿನಲ್ಲೂ ಹೇಳಿದೆ. ಒಂದೆರಡು ಮನೆಯವರು ಆಮೇಲೆ ನನ್ನ ಕೈಲಿ ಕಾಗದ ಓದಿಸಲಿಲ್ಲ. ಉಳಿದವರಿಗೆ, ನಿವೃತ್ತಿಯಾಗುವ ತನಕ, ಮೊದಲು ಕಾಗದದ ತಲೆಯ ಮೇಲೆ ಏನಿದೆ, ಏನಿಲ್ಲ ಎಂದು ಹೇಳಿ ಆಮೇಲೆ ಓದಿದೆ. 'ಹಾಯ್' ಎಂದಿದ್ದರೆ ಹಾಯ್ ಎಂದೇ ಕೂಗಿದೆ.

ನಾನು ಕಾಗದ ಓದಿದ್ದು ಬುಧವಾರ ಸಂಜೆ ನಾಲ್ಕಕ್ಕೆ. ಐದೂವರೆಯ ಬಸ್ಸು ಅಂದು ರಾತ್ರಿ ಒಂಬತ್ತಕ್ಕೆ ಹಿಂದೂಪುರ ಸೇರಿತ್ತು. ಕೈ ಮುರಿದದ್ದು ಗುರುವಾರ ಬೆಳಗ್ಗೆ ಎಂಟರ ಸುಮಾರಿಗೆ. ರತ್ನಮ್ಮ ಈಗ ತಾಯಿಯ ಮನೆಯಲ್ಲಿದ್ದಾರೆ. ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ.